ಸೀರೆ ಅಂಗಡಿಯ ದರ ಏರಿಕೆ ಪ್ರಕಟಣೆಯನ್ನು ಮನುಷ್ಯರ ಮಾತಿಗೆ ತಂದದ್ದು: ಒಂಬತ್ತು ದಿನದ ಕೆಲಸದ ದಾಖಲೆ

ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಮಾಡುವುದು ದಿನದ ಕೆಲಸ. ಈಚೆಗೆ ಅಂಗಡಿಯವರು ಮೊಬೈಲಿನಲ್ಲಿ ಕಳಿಸುವ ಪ್ರಕಟಣೆಗಳನ್ನೂ ಬರೆಸಿಕೊಳ್ಳಲು ಬರುತ್ತಾರೆ. ಅಂಥ ಒಂದು ಕೆಲಸ ಜೂನ್ ಮೂರನೆಯ ವಾರದಲ್ಲಿ ಬಂತು. ಮುನ್ನೂರು ರೂಪಾಯಿಯ ಕೆಲಸ, ಒಂದು ಸಂಜೆಯಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಎಲ್ಲಿ ತಪ್ಪಿತು, ಹೇಗೆ ಸರಿಯಾಯಿತು ಎಂಬುದನ್ನು ದಿನದ ಪ್ರಕಾರ ಬರೆದಿಡುತ್ತಿದ್ದೇನೆ.

ಜೂನ್ 21, ಶನಿವಾರ. ಬಂದ ಪಠ್ಯ

ನಮ್ಮ ಓಣಿಯ ಸೀರೆ ಅಂಗಡಿಯ ಕಾಕಾ ಒಂದು ಹಾಳೆ ತಂದುಕೊಟ್ಟರು. ಅವರ ಲೆಕ್ಕ ಬರೆಯುವವರು ಸಿದ್ಧಪಡಿಸಿದ್ದು. ಇದ್ದದ್ದು ಇದ್ದಂತೆಯೇ ಕೊಡುತ್ತೇನೆ:

"ಮಾನ್ಯ ಗ್ರಾಹಕ ಬಾಂಧವರಲ್ಲಿ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಚ್ಚಾ ಸಾಮಗ್ರಿಗಳ ಬೆಲೆ ಏರಿಕೆ ಹಾಗೂ ಇತರೆ ಅನಿವಾರ್ಯ ಕಾರಣಗಳಿಂದಾಗಿ ನಮ್ಮ ಸಂಸ್ಥೆಯಲ್ಲಿ ಮಾರಾಟ ಮಾಡಲಾಗುತ್ತಿರುವ ಕೈಮಗ್ಗದ ರೇಷ್ಮೆ ಸೆರಗಿನ ಸೀರೆಗಳ ದರವನ್ನು ದಿನಾಂಕ 01-07ರಿಂದ ಜಾರಿಗೆ ಬರುವಂತೆ ಪರಿಷ್ಕರಿಸಲಾಗಿದ್ದು, ಸದರಿ ದಿನಾಂಕದೊಳಗಾಗಿ ಮುಂಗಡ ಪಾವತಿಸಿದ ಗ್ರಾಹಕರಿಗೆ ಮಾತ್ರ ಹಿಂದಿನ ದರವು ಅನ್ವಯಿಸತಕ್ಕದ್ದು. ಇತರೆ ಸೀರೆಗಳ ದರದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ. ಗ್ರಾಹಕರು ಎಂದಿನಂತೆ ಸಹಕರಿಸಬೇಕಾಗಿ ವಿನಂತಿ."

"ತಂಗಿ, ಇದನ್ನು ನಮ್ಮ ಗಿರಾಕಿಗಳಿಗೆ ಕಳಿಸಬೇಕು. ಆದರೆ ಓದಿದರೆ ಕಚೇರಿಯ ನೋಟಿಸು ಬಂದ ಹಾಗೆ ಆಗಬಾರದು. ನಾನೇ ಹೇಳಿದ ಹಾಗೆ ಇರಬೇಕು," ಎಂದರು ಕಾಕಾ.

ಮೊದಲು ಪೆನ್ಸಿಲ್ ಹಿಡಿದು ಪದ ಎಣಿಸಿದೆ. ಮೊದಲ ವಾಕ್ಯದಲ್ಲಿ 37 ಪದಗಳು. ದರಕ್ಕೆ ಏನಾಯಿತು ಎಂದು ಹೇಳುವ "ಪರಿಷ್ಕರಿಸಲಾಗಿದ್ದು" ಬರುವುದು 28ನೆಯ ಪದವಾಗಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಅಲ್ಲಿಯವರೆಗೆ ಓದುವವರು ಉಳಿದೆಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡೇ ನಡೆಯಬೇಕು.

ಆಮೇಲೆ ಕ್ರಿಯಾಪದಗಳ ಕೆಳಗೆ ಗೆರೆ ಎಳೆದೆ. ಮಾರಾಟ ಮಾಡಲಾಗುತ್ತಿರುವ, ಪರಿಷ್ಕರಿಸಲಾಗಿದ್ದು, ಅನ್ವಯಿಸತಕ್ಕದ್ದು, ಇರುವುದಿಲ್ಲ. ಕೊನೆಯ ವಾಕ್ಯ "ವಿನಂತಿ" ಎಂದು, ಮುಗಿಸುವ ಕ್ರಿಯಾಪದವೇ ಇಲ್ಲದೆ ನಿಂತಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದದ ಬಾಲ ನೋಡಿದರೆ ಮಾಡಿದವರು ಯಾರು ಎಂದು ತಿಳಿಯುತ್ತದೆ: ಮಾಡಿದೆನು, ಮಾಡಿದೆವು, ಮಾಡಿದರು. ಈ ಹಾಳೆಯಲ್ಲಿ ಒಂದು ಕ್ರಿಯಾಪದಕ್ಕೂ "ಏನೆ" ಅಥವಾ "ಏವೆ" ಎಂಬ ಬಾಲ ಇರಲಿಲ್ಲ. ದರ ಏರಿಸಿದವರು ಯಾರು ಎಂದು ಕೇಳಿದರೆ ಹಾಳೆಯಲ್ಲಿ ಉತ್ತರವಿಲ್ಲ. ಕೆಲಸ ಇಲ್ಲಿಯೇ ಇದೆ ಎಂದು ನನಗೆ ಅಂದೇ ಕಾಣಬೇಕಿತ್ತು. ಗೆರೆ ಎಳೆದಿಟ್ಟು ಬೇರೆ ಕಡೆ ಹೋದೆ.

ಅದೇ ಸಂಜೆ. ಮೊದಲ ಪ್ರಯತ್ನ, ಕೆಟ್ಟಿತು

ನಾನು ಮಾಡಿದ್ದು ಇಷ್ಟೇ. "ಮಾನ್ಯ ಗ್ರಾಹಕ ಬಾಂಧವರಲ್ಲಿ" ಎಂಬುದನ್ನು "ನಮ್ಮ ಪ್ರೀತಿಯ ಗ್ರಾಹಕರೇ, ನಮಸ್ಕಾರ!" ಎಂದು ಬದಲಿಸಿದೆ. "ಸದರಿ" ತೆಗೆದೆ, "ಅನ್ವಯಿಸತಕ್ಕದ್ದು" ಎಂಬುದನ್ನು "ಅನ್ವಯಿಸುತ್ತದೆ" ಮಾಡಿದೆ, ಕೊನೆಗೆ "ನಿಮ್ಮ ಪ್ರೀತಿ ವಿಶ್ವಾಸ ಸದಾ ಹೀಗೆಯೇ ಇರಲಿ!" ಸೇರಿಸಿ ಎರಡು ಹೂವಿನ ಚಿತ್ರ ಹಾಕಿದೆ. ಸಮಯ 25 ನಿಮಿಷ.

ಕಾಕಾರ ಮನೆಗೆ ಹೋಗಿ ಅವರ ಹೆಂಡತಿ ಕಾಕುಗೆ ಓದಿ ಹೇಳಿದೆ. ಅವರು ನೂಲಿನ ಕಂಡಿಕೆ ಸುತ್ತುತ್ತಾ ಕೂತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡು, "ಲಗ್ನಪತ್ರಿಕೆ ಓದಿದ ಹಾಗಾಯಿತು. ಅದಿರಲಿ, ಎಷ್ಟು ಹೆಚ್ಚು ಮಾಡಿದ್ದಾರೆ?" ಎಂದರು.

ನಾನು ಹಾಳೆ ನೋಡಿದೆ. ಹೊಸ ದರ ಎಲ್ಲಿಯೂ ಇರಲಿಲ್ಲ. ಮೂಲದಲ್ಲೂ ಇಲ್ಲ, ನನ್ನದರಲ್ಲೂ ಇಲ್ಲ. "ಪರಿಷ್ಕರಿಸು" ಎಂಬ ಪದ ಏರಿಕೆಗೂ ಆಗುತ್ತದೆ, ಇಳಿಕೆಗೂ ಆಗುತ್ತದೆ, ಎಷ್ಟು ಎಂದಂತೂ ಹೇಳುವುದೇ ಇಲ್ಲ. ಆ ಪದವನ್ನು ನಾನು ಮುಟ್ಟದೆ ಬಿಟ್ಟಿದ್ದೆ. ಸುಣ್ಣ ಬಳಿದರೆ ಬಿರುಕು ಮುಚ್ಚುತ್ತದೆ ಎಂದುಕೊಂಡದ್ದು ನನ್ನ ತಪ್ಪು. ನಮಸ್ಕಾರ, ಹೂವು, ಉದ್ಗಾರ ಚಿಹ್ನೆ ಇವೆಲ್ಲ ಸುಣ್ಣ.

ಜೂನ್ 22, ಭಾನುವಾರ. ಎರಡನೆಯ ಪ್ರಯತ್ನ, ಅದೂ ಕೆಟ್ಟಿತು

ಕಾಕಾ ಹೇಳಿದ "ನಾನೇ ಹೇಳಿದ ಹಾಗೆ" ಎಂಬ ಮಾತನ್ನು ಈ ಸಲ ಅಕ್ಷರಶಃ ಹಿಡಿದೆ. ಪೂರ್ತಿ ನಮ್ಮ ಕಡೆಯ ಆಡುಮಾತಿನಲ್ಲಿ ಬರೆದೆ. ಬರೆಯುವಾಗ ಖುಷಿಯಾಗಿತ್ತು. ಇದೇ ಸರಿ ಎನಿಸಿತ್ತು.

ಪರೀಕ್ಷೆಗೆಂದು ಅದನ್ನು ಇಬ್ಬರಿಗೆ ಕಳಿಸಿದೆ. ಮೈಸೂರಿನಲ್ಲಿರುವ ನನ್ನ ಗೆಳತಿ ಎರಡು ಸಲ ಓದಿ, ಮೂರು ಪದಗಳ ಅರ್ಥ ಕೇಳಿದಳು. ನಮ್ಮ ಪಕ್ಕದ ಕಿರಾಣಿ ಅಂಗಡಿಯ ಅಣ್ಣ ಇದೇ ಊರಿನವರು, ಇದೇ ಮಾತು ಆಡುವವರು. ಆದರೂ ಅವರು ತುಟಿ ಅಲ್ಲಾಡಿಸುತ್ತಾ ಒಂದೊಂದೇ ಪದವನ್ನು ಬಿಡಿಸಿ ಓದಿದರು. ಕಿವಿಗೆ ರೂಢಿಯಾದ ಮಾತು ಕಣ್ಣಿಗೆ ರೂಢಿಯಾಗಿರುವುದಿಲ್ಲ. ಅವರ ಕಣ್ಣು ಕಲಿತದ್ದು ಪತ್ರಿಕೆಯ, ಪಠ್ಯಪುಸ್ತಕದ ಅಕ್ಷರ.

ಕಾಕಾ ಹೇಳಿದ್ದು ಇನ್ನೂ ತೂಕದ ಮಾತು. "ತಂಗಿ, ಅಂಗಡಿಯಲ್ಲಿ ನಾನು ಹೀಗೆಯೇ ಮಾತನಾಡುತ್ತೇನೆ, ಖರೆ. ಆದರೆ ಪತ್ರ ಬರೆಯುವಾಗ ಹೀಗೆ ಬರೆಯುವುದಿಲ್ಲ. ಇದನ್ನು ಓದಿದರೆ ನಾಟಕದಲ್ಲಿ ಯಾರೋ ನನ್ನ ಪಾತ್ರ ಮಾಡಿದ ಹಾಗೆ ಕಾಣುತ್ತದೆ." ಅವರ ಗಿರಾಕಿಗಳು ಹುಬ್ಬಳ್ಳಿ, ಬೆಂಗಳೂರು, ಮೈಸೂರಿನಲ್ಲಿಯೂ ಇದ್ದಾರೆ. ಎಲ್ಲರಿಗೂ ಒಂದೇ ಪಠ್ಯ ಹೋಗಬೇಕು.

ಆದ್ದರಿಂದ ತೀರ್ಮಾನ: ಬರಹದ ಕನ್ನಡವೇ ಇರಲಿ. ಸಲಿಗೆ ಬೇರೆ ಕಡೆಯಿಂದ ಬರಬೇಕು.

ಜೂನ್ 23, ಸೋಮವಾರ. ಸರಿಯಾದ ದಾರಿ ಸಿಕ್ಕಿದ್ದು

ಮುಂಜಾನೆ ಹನ್ನೊಂದರ ಹೊತ್ತಿಗೆ ಕಾಕಾರ ಅಂಗಡಿಯಲ್ಲಿ ಹೋಗಿ ಸುಮ್ಮನೆ ಕೂತೆ. ಹುನಗುಂದದ ಕಡೆಯಿಂದ ಒಬ್ಬ ಹೆಂಗಸು ಬಂದು ದರ ಕೇಳಿದರು. ಅವರ ಒಪ್ಪಿಗೆ ಕೇಳಿಕೊಂಡು ಮೊಬೈಲಿನಲ್ಲಿ ಕಾಕಾರ ಮಾತನ್ನು ಧ್ವನಿಮುದ್ರಣ ಮಾಡಿಕೊಂಡೆ. ಒಂದು ನಿಮಿಷ ನಲವತ್ತು ಸೆಕೆಂಡು. ಮನೆಗೆ ಬಂದು ಅದನ್ನು ಒಂದೂ ಬಿಡದೆ ಹಾಳೆಗಿಳಿಸಿದೆ. ಈ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಸಾಧನ ಆ ಒಂದು ಹಾಳೆ.

ಕಾಕಾ ಮೊದಲು ಹೇಳಿದ್ದು ದುಡ್ಡಿನ ಮಾತು: ಇಷ್ಟಿತ್ತು, ಮುಂದಿನ ವಾರ ಮಂಗಳವಾರದಿಂದ ಇಷ್ಟಾಗುತ್ತದೆ. ಆಮೇಲೆ ಯಾಕೆ ಎಂದು. ಆಮೇಲೆ "ಪಂಚಮಿಗೆ ತೆಗೆಯುವುದಿದ್ದರೆ ಈ ವಾರವೇ ಹೆಸರು ಬರೆಸಿಬಿಡಿ" ಎಂದು ಒಂದು ದಾರಿ. ಲೆಕ್ಕ ಬರೆಯುವವರ ಹಾಳೆಯಲ್ಲಿದ್ದ ಕ್ರಮ ಇದಕ್ಕೆ ತಿರುಗುಮುರುಗು: ಮೊದಲು ಗೌರವ, ಆಮೇಲೆ ಕಾರಣ, ಆಮೇಲೆ ವಿಷಯ. "ಗ್ರಾಹಕ" ಎಂಬ ಪದವನ್ನು ಕಾಕಾ ಒಂದು ಸಲವೂ ಆಡಲಿಲ್ಲ. ಎದುರಿಗೆ ಇದ್ದವರನ್ನು "ಅಕ್ಕಾ" ಎಂದೇ ಕರೆದರು. ಮತ್ತು ಪ್ರತಿ ಕ್ರಿಯಾಪದಕ್ಕೂ ಬಾಲವಿತ್ತು: ಹೆಚ್ಚು ಮಾಡಿದ್ದೇನೆ, ತರಿಸುತ್ತೇನೆ, ಕೊಡುತ್ತೇನೆ.

ನಾನು ಮಾಡಿದ್ದು ಕ್ರಮವನ್ನು ಮುಟ್ಟದೆ, ಪದಗಳ ರೂಪವನ್ನು ಮಾತ್ರ ಬರಹದ ಕನ್ನಡಕ್ಕೆ ತಂದದ್ದು. ಆಡುಮಾತು ಹೋಯಿತು, ಆಡಿದವರು ಉಳಿದರು.

ಒಂದು ಕಡೆ ಮಾತ್ರ ಗಂಟಾಯಿತು. "ಇತರೆ ಅನಿವಾರ್ಯ ಕಾರಣಗಳಿಂದಾಗಿ" ಎಂಬುದಕ್ಕೆ ಬದಲು ಏನು ಬರೆಯುವುದು? ಇದಕ್ಕೆ ಹೊಸ ಪದ ಹುಡುಕಿ ಪ್ರಯೋಜನವಿಲ್ಲ, ಒಳಗೆ ಏನಿದೆ ಎಂದು ಕೇಳಲೇಬೇಕು. ಕಾಕಾರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಏರಿಸಿದ 350 ರೂಪಾಯಿಯಲ್ಲಿ 190 ಸೆರಗಿನ ರೇಷ್ಮೆ ನೂಲಿಗೆ, 40 ಬಣ್ಣಕ್ಕೆ, ಉಳಿದ 120 ನೇಯುವವರ ಕೂಲಿಗೆ. ಇಳಕಲ್ ಸೀರೆಯ ಮೈ ಹತ್ತಿಯದಾದರೂ ಸೆರಗಿಗೆ ಬೇರೆಯೇ ಹಾಸು ಬೇಕು. ಮೈಯ ಹಾಸಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ತೋಪು ತೆನೆ ಎನ್ನುತ್ತಾರೆ. ಆ ಕೈಕೆಲಸದ ಕೂಲಿಯನ್ನು ಎರಡು ವರ್ಷದಿಂದ ಹೆಚ್ಚಿಸಿರಲಿಲ್ಲ, ಈ ಸಲ ಹೆಚ್ಚಿಸಿದ್ದಾರೆ.

"ಇದನ್ನೇ ಬರೆಯೋಣ ಕಾಕಾ," ಎಂದೆ.

"ನಮ್ಮ ಲೆಕ್ಕ ಬೇರೆ ಅಂಗಡಿಯವರಿಗೆ ಗೊತ್ತಾಗುತ್ತದಲ್ಲ?"

ಅವರ ಆತಂಕ ಸಹಜವಾದದ್ದು. ಮಾತಾಡಿ ಒಂದು ನಡುದಾರಿಗೆ ಬಂದೆವು. ನೂಲಿನ ಮತ್ತು ಬಣ್ಣದ ಅಂಕಿ ಬೇಡ, ನೂಲು ತುಟ್ಟಿಯಾಗಿದೆ ಎಂದರೆ ಸಾಕು. ಕೂಲಿಯ 120 ರೂಪಾಯಿ ಮಾತ್ರ ಹೆಸರಿಸುವುದು, ಏಕೆಂದರೆ ಅದು ಅವರೇ ಮನಸ್ಸು ಮಾಡಿ ಕೊಟ್ಟದ್ದು. ಪ್ರಕಟಣೆ ಬಿಗಿಯಾಗಿ ಇರುವುದಕ್ಕೆ ಬರೆಯುವವರ ಅಭ್ಯಾಸವಷ್ಟೇ ಕಾರಣವಲ್ಲ. ಹೇಳಬೇಕೋ ಬೇಡವೋ ಎಂದು ತೀರ್ಮಾನವಾಗದ ಕಡೆ "ಅನಿವಾರ್ಯ ಕಾರಣ" ಬಂದು ಕೂರುತ್ತದೆ. ಆ ತೀರ್ಮಾನವನ್ನು ಮಾಲೀಕರೇ ಮಾಡಬೇಕು, ಬರೆಯುವವರಿಂದ ಆಗದು.

ಜೂನ್ 24, ಮಂಗಳವಾರ. ಅಕ್ಷರ ಕೆಟ್ಟದ್ದು

ರೂಢಿಯ ಮೇಲೆ ಪಠ್ಯವನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದೆ. ಅಚ್ಚಿಗೆ ಅದೇ ಆಗುತ್ತದೆ. ಮೊಬೈಲಿಗೆ ಹಾಕಿದಾಗ "ದರ" ಎಂಬ ಎರಡಕ್ಷರ ಹೀಗೆ ಕಂಡಿತು:

```
zÀgÀ
```

ಯೂನಿಕೋಡಿಗೆ ಪರಿವರ್ತಿಸಿದೆ. ಐದು ನಿಮಿಷದ ಕೆಲಸ. ಆದರೆ ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪಿ "ವರ್ಷದಿಂದ" ಎಂಬುದು "ವಷರ್ದಿಂದ" ಆಗಿತ್ತು. ಕಣ್ಣಿಗೆ ಬೀಳದೆ ಹೋಗುವ ತಪ್ಪು ಇದು. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಿಕೊಂಡೆ.

ಜೂನ್ 25, ಬುಧವಾರ. ಕಳಿಸಿದ್ದು, ದೊಡ್ಡ ತಪ್ಪು

ಮುಂಜಾನೆ ಹತ್ತಕ್ಕೆ ಕಾಕಾರ ಮೊಬೈಲಿನಿಂದ ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯ 212 ಜನರಿಗೆ ಕಳಿಸಿದೆವು. ಕಾಕಾರ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಉಳಿದವರಿಗೆ ಹೋಗುವುದಿಲ್ಲ. ಅದಕ್ಕಾಗಿ ಎ5 ಅಳತೆಯ 200 ಕರಪತ್ರಗಳನ್ನೂ ಅಚ್ಚು ಹಾಕಿದೆ. ಕಾಗದ, ಶಾಯಿ ಸೇರಿ 260 ರೂಪಾಯಿ.

ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಉತ್ತರಗಳು ಬಂದವು. ನೇಕಾರರ ಕೂಲಿ ಹೆಚ್ಚಿಸಿದ್ದು ಒಳ್ಳೆಯದಾಯಿತು ಎಂದು ನಾಲ್ಕು ಜನ ಬರೆದರು. ನನಗೆ ಸಮಾಧಾನವಾಯಿತು.

ಸಂಜೆಯಿಂದ ಬೇರೆ ರೀತಿಯ ಫೋನ್ ಶುರುವಾದವು. "ನಾವು ಹತ್ತು ವರ್ಷದಿಂದ ನಿಮ್ಮಲ್ಲಿಯೇ ತೆಗೆಯುತ್ತೇವೆ, ನಮಗೆ ಹಳೆಯ ದರವೇ ಅಲ್ಲವೇ?" ಮರುದಿನ ಮಧ್ಯಾಹ್ನದವರೆಗೆ ಒಂಬತ್ತು ಫೋನ್. ಮೂವರು ಅಂಗಡಿಗೇ ಬಂದು, ಮುಂಗಡದ ಮಾತಿಲ್ಲದೆ, ಪಂಚಮಿಯ ವಾರದಲ್ಲಿ ಬಂದು ಹಳೆಯ ದರಕ್ಕೆ ಒಯ್ಯುತ್ತೇವೆ ಎಂದು ಸೀರೆ ಆರಿಸಿಟ್ಟು ಹೋಗಿದ್ದರು.

ನಾನು ಬರೆದಿದ್ದ ಸಾಲು ಇದು: "ಈಗಾಗಲೇ ನಮ್ಮೊಂದಿಗಿರುವ ಹಳೆಯ ಗಿರಾಕಿಗಳಿಗೆ ಹಳೆಯ ದರವೇ, ಹೆಸರು ಬರೆಸಿಬಿಡಿ."

ನನ್ನ ಮನಸ್ಸಿನಲ್ಲಿ "ಈಗಾಗಲೇ" ಎಂದರೆ ಮುಂಗಡ ಕೊಟ್ಟವರು. ಓದಿದವರಿಗೆ ಅದು ಹಳೆಯ ಪರಿಚಯ. ಅವರ ಓದೇ ಸರಿ, ಆ ವಾಕ್ಯ ಹೇಳುವುದು ಅದನ್ನೇ. ಮೂಲ ಹಾಳೆಯಲ್ಲಿ "ಮುಂಗಡ ಪಾವತಿಸಿದ ಗ್ರಾಹಕರಿಗೆ ಮಾತ್ರ" ಎಂದು ಇತ್ತು. ಓದಲು ಒರಟು, ಆದರೆ ಯಾರಿಗೆ ಸಲ್ಲುತ್ತದೆ ಎಂಬುದು ಕೂದಲೆಳೆಯಷ್ಟೂ ತಪ್ಪದೆ ಇತ್ತು. ಸಲಿಗೆ ತರುವ ಭರದಲ್ಲಿ ನಾನು "ಮುಂಗಡ" ಮತ್ತು "ಮಾತ್ರ" ಎಂಬ ಎರಡು ಪದಗಳನ್ನು ಕಿತ್ತುಹಾಕಿದ್ದೆ. ಬೇರೆ ಯಾವ ಪದ ಹೋದರೂ ನಡೆಯುತ್ತಿತ್ತು, ಆ ಎರಡು ಗೋಡೆಯ ಮೂಲೆಗಲ್ಲುಗಳು.

ಕಾಕಾ ಸಿಟ್ಟಾಗಲಿಲ್ಲ. "ಬರೆದು ಕೊಟ್ಟ ಮಾತು, ನಡೆಸಲೇಬೇಕು," ಎಂದು ಆ ಮೂವರಿಗೆ ಹಳೆಯ ದರವನ್ನೇ ಒಪ್ಪಿಕೊಂಡರು. ಅವರಿಗೆ ನಷ್ಟ 1,050 ರೂಪಾಯಿ. ನನ್ನ 300 ರೂಪಾಯಿ ಕೂಲಿಯನ್ನು ನಾನು ತೆಗೆದುಕೊಳ್ಳಲಿಲ್ಲ. ಕರಪತ್ರ ಹಂಚಿರಲಿಲ್ಲ, 200 ಹಾಳೆಗಳೂ ರದ್ದಿಗೆ ಹೋದವು. ಆ 260 ರೂಪಾಯಿಯೂ ನನ್ನದೇ.

ಜೂನ್ 26, ಗುರುವಾರ. ತಿದ್ದಿದ್ದು

ಕಳಿಸಿದ ಸಂದೇಶವನ್ನು ತಿದ್ದಲು ವಾಟ್ಸ್ಆ್ಯಪ್ ಕೊಡುವುದು 15 ನಿಮಿಷ. ಅದು ಯಾವಾಗಲೋ ದಾಟಿತ್ತು, ಜನ ಮುಂದಕ್ಕೂ ಕಳಿಸಿದ್ದರು. "ತಿದ್ದುಪಡಿ ಪ್ರಕಟಣೆ" ಎಂದು ಶುರುಮಾಡಿದರೆ ಮತ್ತೆ ಕಚೇರಿಯ ದನಿ ಬರುತ್ತದೆ. ಆದ್ದರಿಂದ ಹೊಸ ಸಂದೇಶದ ಮೊದಲ ಸಾಲಿನಲ್ಲಿಯೇ ತಪ್ಪನ್ನು ಹೆಸರಿಟ್ಟು ಹೇಳಿದೆವು: "ನಿನ್ನೆ ಕಳಿಸಿದ ಸಂದೇಶದಲ್ಲಿ ಹಳೆಯ ದರದ ಬಗ್ಗೆ ಒಂದು ಸಾಲು ತಪ್ಪಾಗಿ ಬರೆದಿದ್ದೆವು. ಮುಂಗಡ ಕೊಟ್ಟು ಹೆಸರು ಬರೆಸಿದವರಿಗೆ ಮಾತ್ರ ಹಳೆಯ ದರ." ಅದರ ಕೆಳಗೆ ಪೂರ್ತಿ ಪಠ್ಯವನ್ನು ಮತ್ತೆ ಹಾಕಿದೆವು.

ದಿನಾಂಕವನ್ನೂ ಬಿಗಿ ಮಾಡಿದೆ. ಮೂಲದ "ಸದರಿ ದಿನಾಂಕದೊಳಗಾಗಿ" ಎಂಬುದರಲ್ಲಿ ಜುಲೈ 1 ಒಳಗೆ ಬರುತ್ತದೆಯೋ ಹೊರಗೋ ಗೊತ್ತಾಗುವುದಿಲ್ಲ. ನನ್ನ ಬುಧವಾರದ ಪಠ್ಯದಲ್ಲಿ "ಬರುವ ಮಂಗಳವಾರದಿಂದ" ಎಂದಿತ್ತು. ಅದನ್ನು ಯಾರಾದರೂ ಮುಂದಿನ ವಾರ ಬೇರೆಯವರಿಗೆ ಕಳಿಸಿದರೆ ಬೇರೆ ಮಂಗಳವಾರವಾಗುತ್ತದೆ. ಹೀಗಾಗಿ ತಾರೀಖು, ವಾರ, ಗಂಟೆ ಮೂರನ್ನೂ ಬರೆದೆ.

ಕಳಿಸುವ ಮುಂಚೆ ಹೊಸ ಪರೀಕ್ಷೆ ಮಾಡಿದೆ. ಮೂವರಿಗೆ ಓದಲು ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳುವ ಬದಲು ಒಂದೇ ಪ್ರಶ್ನೆ ಕೇಳಿದೆ: "ನಿಮಗೆ ಪಂಚಮಿಗೆ ಒಂದು ಸೀರೆ ಬೇಕು. ಎಷ್ಟು ದುಡ್ಡು ತರಬೇಕು, ಯಾವಾಗ ತರಬೇಕು?" ಮೂವರೂ ಒಂದೇ ಉತ್ತರ ಕೊಟ್ಟರು. ಬುಧವಾರವೇ ಇದನ್ನು ಕೇಳಿದ್ದರೆ 1,050 ರೂಪಾಯಿ ಉಳಿಯುತ್ತಿತ್ತು.

ಕೊನೆಗೆ ಹೋದ ಪಠ್ಯ:

"ಅಕ್ಕಂದಿರೇ, ತಂಗಿಯರೇ, ನಮಸ್ಕಾರ.

ರೇಷ್ಮೆ ಸೆರಗಿನ ಕೈಮಗ್ಗದ ಸೀರೆಗೆ 350 ರೂಪಾಯಿ ಹೆಚ್ಚು ಮಾಡುತ್ತಿದ್ದೇನೆ. ಈಗ 4,200 ಇದೆ, ಜುಲೈ 1, ಮಂಗಳವಾರದಿಂದ 4,550 ಆಗುತ್ತದೆ.

ಸೆರಗಿಗೆ ಹಾಕುವ ರೇಷ್ಮೆ ನೂಲು ತುಟ್ಟಿಯಾಗಿದೆ. ನೇಯುವವರ ಕೂಲಿಯನ್ನು ಎರಡು ವರ್ಷದಿಂದ ಹೆಚ್ಚಿಸಿರಲಿಲ್ಲ, ಈಗ ಒಂದು ಸೀರೆಗೆ 120 ರೂಪಾಯಿ ಹೆಚ್ಚು ಕೊಡುತ್ತಿದ್ದೇನೆ.

ಪಂಚಮಿಗೆ ತವರಿಗೆ ಬರುವ ಮಗಳಿಗೆ ಸೀರೆ ತೆಗೆಯುವುದಿದ್ದರೆ ಜೂನ್ 30, ಸೋಮವಾರ ರಾತ್ರಿ 8 ಗಂಟೆಯೊಳಗೆ 500 ರೂಪಾಯಿ ಮುಂಗಡ ಕೊಟ್ಟು ಹೆಸರು ಬರೆಸಿ. ಹಾಗೆ ಮುಂಗಡ ಕೊಟ್ಟ ಸೀರೆಗೆ ಮಾತ್ರ ಹಳೆಯ ದರ. ಉಳಿದ ಎಲ್ಲರಿಗೂ ಹೊಸ ದರ.

ಹತ್ತಿ ಸೀರೆ, ವಿದ್ಯುತ್ ಮಗ್ಗದ ಸೀರೆ, ಖಣ, ಇವುಗಳ ದರ ಬದಲಾಗಿಲ್ಲ.

ಕೇಳುವುದಿದ್ದರೆ ಇದೇ ನಂಬರಿಗೆ ಫೋನ್ ಮಾಡಿ. ಮಧ್ಯಾಹ್ನ 2ರಿಂದ 4ರವರೆಗೆ ಅಂಗಡಿ ಮುಚ್ಚಿರುತ್ತದೆ."

"ಮಾತ್ರ" ಇರುವ ಸಾಲು ಸ್ವಲ್ಪ ಬಿರುಸಾಗಿಯೇ ಇದೆ. ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಮುಂಗಡದ ರಸೀದಿಯ ಮೇಲಿನ ಷರತ್ತನ್ನಂತೂ ಲೆಕ್ಕ ಬರೆಯುವವರು ಬರೆದ ಭಾಷೆಯಲ್ಲಿಯೇ ಅಚ್ಚು ಹಾಕಿದೆ. ನಾಳೆ ತಕರಾರು ಬಂದರೆ ಕೈಯಲ್ಲಿ ಹಿಡಿದು ತೋರಿಸುವ ಕಾಗದ ಅದು, ಅಲ್ಲಿ ಸಲಿಗೆಗೆ ಕೆಲಸವಿಲ್ಲ.

ಜೂನ್ 27ರಿಂದ 29

ಹಳೆಯ ಪರಿಚಯದ ಮೇಲೆ ಹಳೆಯ ದರ ಕೇಳಿದ ಫೋನ್ ಶುಕ್ರವಾರ ಎರಡು ಬಂದವು, ಇಬ್ಬರೂ ಬುಧವಾರದ ಸಂದೇಶ ಮಾತ್ರ ಓದಿದ್ದವರು. ಶನಿವಾರದಿಂದ ಬರಲಿಲ್ಲ. ಭಾನುವಾರ ರಾತ್ರಿಯವರೆಗೆ ಮುಂಗಡ ಕೊಟ್ಟು ಹೆಸರು ಬರೆಸಿದ್ದು 17 ಸೀರೆಗೆ.

ಬಾಕಿ ಉಳಿದ ಕೆಲಸ ಒಂದಿದೆ. ಕಾಕಾರಿಗೆ ಸೋಲಾಪುರದ ಕಡೆ ಮೂವತ್ತು ಗಿರಾಕಿಗಳಿದ್ದಾರೆ, ಅವರಿಗೆ ಮರಾಠಿಯಲ್ಲಿ ಬೇಕು. ಲೆಕ್ಕ ಬರೆಯುವವರು ಮರಾಠಿ ಪಠ್ಯವನ್ನೂ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಮೊದಲ ವಾಕ್ಯವೇ "ಕರಣ್ಯಾತ ಆಲೆ ಆಹೆ" ಎಂದು ಮುಗಿಯುತ್ತದೆ, ನಮ್ಮ "ಮಾಡಲಾಗಿದೆ"ಯ ಅಣ್ಣತಮ್ಮ. ಈ ಸಲ ಬರೆಯುವುದಕ್ಕೆ ಮುಂಚೆ, ಸೋಲಾಪುರದಿಂದ ಫೋನ್ ಬಂದಾಗ ಕಾಕಾ ಮರಾಠಿಯಲ್ಲಿ ಏನು ಹೇಳುತ್ತಾರೆ ಎಂದು ಕೇಳಲು ಸೋಮವಾರ ಅಂಗಡಿಯಲ್ಲಿ ಹೋಗಿ ಕೂರುತ್ತೇನೆ.